ಕಡಿಮೆ ಜನ ನೋಡಿದ, ಹೆಚ್ಚು ಜನ ತೆಗೆದಿಟ್ಟುಕೊಂಡ ಪೋಸ್ಟ್

ಮನೆಯೊಳಗೆ ಬೆಳೆಸುವ ಗಿಡಗಳನ್ನು ಮಾರುವ ಒಬ್ಬರು ತಮ್ಮ ಇನ್‌ಸ್ಟಾಗ್ರಾಂ ಖಾತೆಯ ಅಂಕಿಗಳನ್ನು ಹಿಡಿದುಕೊಂಡು ಬಂದಿದ್ದರು. ಕೊನೆಯ 12 ಪೋಸ್ಟ್‌ಗಳು. "ಹೊಸ ಗಿಡಗಳ ಫೋಟೋಗೆ ಮುನ್ನೂರು ಲೈಕ್ ಬಂದಿದೆ. ಅಂಥದ್ದೇ ಇನ್ನೂ ನಾಲ್ಕು ಹಾಕ್ಬಿಡೋಣ ಅಲ್ವಾ?" ಅಂತ ಕೇಳಿದರು. ಎಲ್ಲಕ್ಕಿಂತ ಕೆಟ್ಟದಾಗಿ ಓಡಿದ ಪೋಸ್ಟನ್ನು ಕೂತು ತಿದ್ದಬೇಕು ಅನ್ನುವುದೂ ಅವರ ಲೆಕ್ಕದಲ್ಲಿತ್ತು. ನಾನು ಎರಡಕ್ಕೂ ಬೇಡ ಅಂದೆ. ಮೊದಲು ತಿದ್ದಿ ಬರೆಯಬೇಕಾದ ಪೋಸ್ಟ್ ಅವರ ಪಟ್ಟಿಯ ನಡುವೆ ಸದ್ದಿಲ್ಲದೆ ಕೂತಿತ್ತು.

ಅದನ್ನು ಹುಡುಕುವುದಕ್ಕೆ ಮುಂಚೆ ಅಂಕಿಗಳನ್ನು ಸ್ವಲ್ಪ ತೊಳೆಯಬೇಕಾಗುತ್ತದೆ. ರೀಚ್ ಅಂದರೆ ಪೋಸ್ಟನ್ನು ಕಂಡ ಬೇರೆ ಬೇರೆ ಖಾತೆಗಳ ಸಂಖ್ಯೆ. ಒಬ್ಬರೇ ನಾಲ್ಕು ಸಲ ನೋಡಿದರೂ ರೀಚ್‌ನಲ್ಲಿ ಒಂದೇ. ವ್ಯೂಸ್‌ನಲ್ಲಿ ಹಾಗಲ್ಲ, ಅಲ್ಲಿ ಮತ್ತೆ ನೋಡಿದ್ದೂ ಸೇರಿಕೊಳ್ಳುತ್ತದೆ. ಈಗ ಖಾತೆಯ ಅಂಕಿಗಳನ್ನು ತೋರಿಸುವ ಇನ್‌ಸೈಟ್ಸ್ ಪುಟ ತೆರೆದ ಕೂಡಲೇ ಮೇಲೆ ದೊಡ್ಡದಾಗಿ ಕಾಣುವುದು ವ್ಯೂಸ್, ಹಾಗಾಗಿ ಎಷ್ಟೋ ಜನ ಲೈಕ್, ಸೇವ್‌ಗಳನ್ನು ಅದರಿಂದಲೇ ಭಾಗಿಸಿಬಿಡುತ್ತಾರೆ. ನಮಗೆ ಬೇಕಾದದ್ದು "ಕಂಡವರಲ್ಲಿ ಎಷ್ಟು ಮಂದಿ ಏನಾದರೂ ಮಾಡಿದರು" ಅನ್ನುವ ಪ್ರಶ್ನೆಗೆ ಉತ್ತರ. ಅದಕ್ಕೆ ಭಾಗಿಸಬೇಕಾದದ್ದು ರೀಚ್‌ನಿಂದ.

ದುಡ್ಡು ಕೊಟ್ಟು ಬೂಸ್ಟ್ ಮಾಡಿದ ಪೋಸ್ಟ್‌ಗಳನ್ನು ಪಟ್ಟಿಯಿಂದ ತೆಗೆದುಬಿಡಿ. ಅವುಗಳ ರೀಚ್ ಕೊಂಡದ್ದು. "ಇಬ್ಬರು ಗೆಳೆಯರನ್ನು ಟ್ಯಾಗ್ ಮಾಡಿ, ಬಹುಮಾನ ಗೆಲ್ಲಿ" ಬಗೆಯವನ್ನೂ ತೆಗೆಯಿರಿ. ಇವರ ಪಟ್ಟಿಯಲ್ಲಿ ಅಂಥದ್ದೊಂದು 240 ಕಮೆಂಟ್ ಹೊತ್ತು ಮೆರೆಯುತ್ತಿತ್ತು. ಆ ಕಮೆಂಟ್‌ಗಳು ಬಂದದ್ದು ಬಹುಮಾನಕ್ಕೆ, ಬರಹಕ್ಕಲ್ಲ. ಇನ್ನು ಪೋಸ್ಟಿನ ವಯಸ್ಸು. ನಾನು ಈ ಕೆಲಸಕ್ಕೆ ಹೊಸಬನಿದ್ದಾಗ ಎರಡು ದಿನದ ಪೋಸ್ಟನ್ನು ತಿಂಗಳ ಹಿಂದಿನದರ ಪಕ್ಕ ಇಟ್ಟು "ಇದು ಸೋತಿದೆ" ಅಂತ ಗ್ರಾಹಕರೊಬ್ಬರಿಗೆ ವರದಿಯನ್ನೇ ಬರೆದು ಕೊಟ್ಟಿದ್ದೆ. ವಾರದಲ್ಲಿ ಅದೇ ಪೋಸ್ಟ್ ಎಲ್ಲದಕ್ಕಿಂತ ಮೇಲೆ ಹೋಗಿ ಕೂತಿತು. ಅವತ್ತಿನಿಂದ ಪ್ರತಿ ಪೋಸ್ಟಿಗೂ ಏಳನೇ ದಿನದ ಅಂಕಿಯನ್ನು ಒಂದು ಹಾಳೆಯಲ್ಲಿ ಬರೆದಿಡುವುದು ನನ್ನ ರೂಢಿ.

ಎಂಗೇಜ್‌ಮೆಂಟ್ ಅಂತ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುವುದು ನನಗೆ ಸರಿಬರುವುದಿಲ್ಲ. ಲೈಕ್ ಹಾಕುವುದಕ್ಕೆ ಬೆರಳು ಎರಡು ಸಲ ತಟ್ಟಿದರೆ ಸಾಕು, ಓದಿರಬೇಕು ಅಂತಲೂ ಇಲ್ಲ. ಸೇವ್ ಮಾಡುವವರು "ಇದು ಮುಂದೆ ಬೇಕಾಗುತ್ತದೆ" ಅಂತ ತೆಗೆದಿಟ್ಟುಕೊಳ್ಳುತ್ತಾರೆ. ಶೇರ್ ಮಾಡುವವರು ಇನ್ನೊಬ್ಬರ ಮುಖ ನೆನೆದು ಕಳಿಸುತ್ತಾರೆ. ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಮ್ ಮೊಸ್ಸೆರಿ 2025ರ ಜನವರಿಯಲ್ಲಿ ಹೇಳಿದ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ: ಪೋಸ್ಟ್ ಎಷ್ಟು ಜನರ ಮುಂದೆ ಹೋಗಬೇಕು ಅನ್ನುವುದಕ್ಕೆ ನೋಡಿದ ಸಮಯ, ರೀಚ್‌ಗೆ ತಕ್ಕ ಲೈಕ್, ರೀಚ್‌ಗೆ ತಕ್ಕ ಶೇರ್ ಈ ಮೂರು ಮುಖ್ಯ, ಫಾಲೋವರ್‌ಗಳಿಗೆ ತೋರಿಸುವಾಗ ಲೈಕ್‌ಗೆ ತೂಕ ತುಸು ಹೆಚ್ಚು, ಫಾಲೋ ಮಾಡದವರಿಗೆ ತೋರಿಸುವಾಗ ಶೇರ್‌ಗೆ. ಹೊಸಬರು ಬೇಕಿರುವ ವ್ಯಾಪಾರಕ್ಕೆ ನಾನು ಎಣಿಸುವ ಲೆಕ್ಕ ಹಾಗಾಗಿ ಸರಳ: ಸೇವ್ ಮತ್ತು ಶೇರ್ ಕೂಡಿಸಿ, ರೀಚ್‌ನಿಂದ ಭಾಗಿಸಿ, ನೂರರಿಂದ ಗುಣಿಸಿ. ಇದನ್ನು ನಾನು ಉಳಿಕೆ ದರ ಅನ್ನುತ್ತೇನೆ. ಹೆಸರು ನನ್ನದು, ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ.

ಇವರ ಪಟ್ಟಿಗೆ ಬರೋಣ. ಬಹುಮಾನದ ಪೋಸ್ಟ್ ಕಳೆದರೆ 11 ಉಳಿದವು. ರೀಚ್ ಪ್ರಕಾರ ಸಾಲಾಗಿ ಜೋಡಿಸಿ ಸರಿಯಾಗಿ ನಡುವಿನದನ್ನು, ಅಂದರೆ ಆರನೆಯದನ್ನು ನೋಡಿದೆವು: 640. ಉಳಿಕೆ ದರವನ್ನೂ ಹಾಗೆಯೇ ಜೋಡಿಸಿದಾಗ ನಡುವೆ ಸಿಕ್ಕಿದ್ದು 1.4%. ಈ ಖಾತೆಗೆ ಮಾಮೂಲಿ ಅಂದರೆ ಇವೆರಡೇ. ಸರಾಸರಿ ಯಾಕೆ ಬೇಡ ಅಂದರೆ, ಅವರ ಹೊಸ ಗಿಡಗಳ ಫೋಟೋ ಒಂದೇ 2,900 ಖಾತೆ ಮುಟ್ಟಿತ್ತು. ಅದನ್ನು ಸೇರಿಸಿ ಸರಾಸರಿ ತೆಗೆದರೆ ಉಳಿದವೆಲ್ಲ ಸೋತವರ ಹಾಗೆ ಕಾಣುತ್ತವೆ.

ಆ ಫೋಟೋವನ್ನೇ ಮೊದಲು ನೋಡಿ. ರೀಚ್ 2,900, ಲೈಕ್ 310, ಸೇವ್ 4, ಶೇರ್ 2. ಉಳಿಕೆ ದರ 0.2%. ಚಂದದ ಚಿತ್ರ, ಜನ ನಿಂತು ಮೆಚ್ಚಿ ಮುಂದೆ ಹೋಗಿದ್ದಾರೆ. ಅದರಿಂದ ಪ್ರೊಫೈಲ್‌ಗೆ ಬಂದವರು 11 ಮಂದಿ. ಬರಹ ತಿದ್ದಿದರೆ ಇದು ಬದಲಾಗುತ್ತದೆ ಅನ್ನುವ ನಂಬಿಕೆ ನನಗಿಲ್ಲ, ಏಕೆಂದರೆ ಅಲ್ಲಿ ತಿದ್ದುವುದಕ್ಕೆ ಬರಹವೇ ಇರಲಿಲ್ಲ. "ಹೊಸ ಗಿಡಗಳು ಬಂದಿವೆ" ಅಂತ ಒಂದು ಸಾಲು ಅಷ್ಟೆ.

ಈಗ ಪಟ್ಟಿಯ ಎಂಟನೇ ಪೋಸ್ಟ್. ಐದು ಚಿತ್ರಗಳ ಕೆರೂಸೆಲ್, ಎಲೆ ಯಾಕೆ ಹಳದಿಯಾಗುತ್ತದೆ ಅಂತ ವಿವರಿಸುವಂಥದ್ದು. ರೀಚ್ 410 ಮಾತ್ರ. ಲೈಕ್ ಬರೀ 19, ಅದಕ್ಕೇ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಆದರೆ ಸೇವ್ 17, ಶೇರ್ 9. ಕೂಡಿಸಿದರೆ 26, ಉಳಿಕೆ ದರ 6.3%. ಖಾತೆಯ ಮಾಮೂಲಿ ದರದ ನಾಲ್ಕು ಪಟ್ಟಿಗಿಂತ ಹೆಚ್ಚು. ಕಂಡವರಿಗೆ ಅದು ಬೇಕಾಗಿತ್ತು, ಕಂಡವರೇ ಕಡಿಮೆ.

ಇದರ ಪಕ್ಕದಲ್ಲಿ ಇನ್ನೊಂದು ಪೋಸ್ಟ್ ಕೂಡ ಆಸೆ ಹುಟ್ಟಿಸುವ ಹಾಗಿತ್ತು: ರೀಚ್ 95, ಸೇವ್ 3, ಶೇರ್ 1, ದರ 4.2%. ಇಲ್ಲಿ ಎಚ್ಚರ ಬೇಕು. ಸಣ್ಣ ಎಣಿಕೆಗಳು ಸುಮ್ಮಸುಮ್ಮನೆ ಏರುಪೇರಾಗುತ್ತವೆ. ಅದನ್ನು ಅಳೆಯಲು ಒಂದು ಒರಟು ಉಪಾಯವಿದೆ. ಎಣಿಕೆಯ ವರ್ಗಮೂಲ ತೆಗೆದು, ಅದರ ಎರಡರಷ್ಟನ್ನು ಎರಡೂ ಕಡೆ ಕಳೆದು ಕೂಡಿ ನೋಡಿ. ನಾಲ್ಕರ ವರ್ಗಮೂಲ ಎರಡು, ಎರಡರಷ್ಟು ಅಂದರೆ ನಾಲ್ಕು. ಅಲ್ಲಿಗೆ ನಿಜವಾದ ಎಣಿಕೆ ಸೊನ್ನೆಯಿಂದ ಎಂಟರ ತನಕ ಎಲ್ಲಿ ಬೇಕಾದರೂ ಇರಬಹುದು. ಆ ಪೋಸ್ಟ್ ಒಳ್ಳೆಯದೋ ಕೆಟ್ಟದ್ದೋ ನಮಗೆ ಇನ್ನೂ ತಿಳಿದಿಲ್ಲ ಅಂತಲೇ ಅರ್ಥ. ಎಲೆಯ ಪೋಸ್ಟಿಗೆ ಇದೇ ಲೆಕ್ಕ ಹಾಕಿ: 26ರ ವರ್ಗಮೂಲ ಸುಮಾರು 5, ಎರಡರಷ್ಟು 10. ಕೆಳಗಿನ ತುದಿ 16 ಅಂತಲೇ ಇಟ್ಟುಕೊಂಡರೂ 410ಕ್ಕೆ 3.9% ಆಗುತ್ತದೆ. 1.4%ಕ್ಕಿಂತ ಎಷ್ಟೋ ಮೇಲೆ. ಇದನ್ನು ನಂಬಬಹುದು. ಸೇವ್, ಶೇರ್ ಎರಡೂ ಸೇರಿ ಹತ್ತು ದಾಟದ ಪೋಸ್ಟ್ ಗೆದ್ದಿದೆ ಅಂತ ನಾನು ಬಾಯಿ ತೆರೆಯುವುದೇ ಇಲ್ಲ.

ಇನ್ನೊಂದು ತೊಡಕಿದೆ, ಬಲ್ಲವರೂ ಎಡವುವ ಜಾಗ. ರೀಚ್ ಏರಿದ ಹಾಗೆ ದರ ಸಾಮಾನ್ಯವಾಗಿ ಇಳಿಯುತ್ತದೆ. ಮೊದಲು ನೋಡುವವರಲ್ಲಿ ನಿಮ್ಮ ಗುರುತಿನವರು, ಹಳೆಯ ಗಿರಾಕಿಗಳು ಹೆಚ್ಚು. ಆಮೇಲೆ ಬರುವವರು ಅಪರಿಚಿತರು, ಅವರ ಬೆರಳು ಬೇಗ ಜಾರುತ್ತದೆ. ಹಾಗಾಗಿ 400 ರೀಚ್‌ನ ದರವನ್ನು 2,900ರದ್ದಕ್ಕೆ ನೇರವಾಗಿ ಹೋಲಿಸುವುದು ಪೂರ್ತಿ ನ್ಯಾಯವಲ್ಲ. ನಾವು 300ರಿಂದ 600ರ ನಡುವೆ ರೀಚ್ ಇದ್ದ ಉಳಿದ ಪೋಸ್ಟ್‌ಗಳನ್ನು ಬೇರೆಯಾಗಿ ಇಟ್ಟು ನೋಡಿದೆವು. ಅವುಗಳಲ್ಲಿ ಅತಿ ಹೆಚ್ಚೆಂದರೆ 2.1%. ಎಲೆಯ ಪೋಸ್ಟ್ ಅಲ್ಲೂ ಗೆದ್ದಿತು.

ಹಾಗಾದರೆ ಜನರನ್ನು ಮುಟ್ಟಲಿಲ್ಲ ಯಾಕೆ? ಇನ್‌ಸೈಟ್ಸ್‌ನಲ್ಲಿ ಫಾಲೋವರ್‌ಗಳೆಷ್ಟು, ಉಳಿದವರೆಷ್ಟು ಅಂತ ಒಡೆದು ತೋರಿಸುತ್ತದೆ. 410ರಲ್ಲಿ ಫಾಲೋ ಮಾಡದವರು 30 ಮಂದಿ. ಮನೆಯ ಹೊಸ್ತಿಲನ್ನೇ ದಾಟಿಲ್ಲ. ಮೊದಲ ಚಿತ್ರ ತೆರೆದು ನೋಡಿದರೆ ಕಾರಣ ಎದುರಿಗೇ ಇತ್ತು. ಹಸಿರು ಹಿನ್ನೆಲೆಯ ಮೇಲೆ "ಗಿಡಗಳ ಆರೈಕೆ: ಭಾಗ 3" ಅಂತ ಬರೆದಿದ್ದರು. ಭಾಗ ಒಂದನ್ನೇ ನೋಡದವರು ಮೂರಕ್ಕೆ ಯಾಕೆ ನಿಲ್ಲುತ್ತಾರೆ? ಕ್ಯಾಪ್ಷನ್ ಕೂಡ "ಎಲ್ಲರಿಗೂ ನಮಸ್ಕಾರ, ಕಳೆದ ಸಲ ಗೊಬ್ಬರದ ಬಗ್ಗೆ ತಿಳಿದುಕೊಂಡೆವು" ಅಂತ ಶುರುವಾಗಿತ್ತು. ಫೀಡ್‌ನಲ್ಲಿ ಕಾಣುವುದು ಮೊದಲ ಒಂದೆರಡು ಸಾಲು, ಉಳಿದದ್ದೆಲ್ಲ ಒತ್ತಿದರೆ ಮಾತ್ರ ತೆರೆಯುತ್ತದೆ. ಆ ಎರಡು ಸಾಲನ್ನೂ ಅವರು ನಮಸ್ಕಾರಕ್ಕೇ ಖರ್ಚು ಮಾಡಿಬಿಟ್ಟಿದ್ದರು. ನಿಜವಾದ ತಿರುಳು ಮೂರನೇ ಚಿತ್ರದಲ್ಲಿತ್ತು.

ತಿದ್ದಿದ್ದು ಇಷ್ಟೇ. ಮೂರನೇ ಚಿತ್ರದ ಮಾತನ್ನು ಮುಂದಕ್ಕೆ ತಂದೆವು: "ಕೆಳಗಿನ ಎಲೆಗಳು ಹಳದಿಯಾಗುತ್ತಿವೆಯೇ? ನೀರು ಹಾಕುವ ಮುಂಚೆ ಮಣ್ಣಿನೊಳಗೆ ಬೆರಳು ಇಳಿಸಿ ನೋಡಿ." ಕ್ಯಾಪ್ಷನ್‌ನ ಮೊದಲ ಸಾಲಿಗೂ ಅದೇ ಪ್ರಶ್ನೆ. ಒಳಗಿನ ವಿವರಣೆಯ ಒಂದಕ್ಷರವನ್ನೂ ಮುಟ್ಟಲಿಲ್ಲ, ಏಕೆಂದರೆ ಒಳಗಿನದು ಕೆಲಸ ಮಾಡುತ್ತಿದೆ ಅಂತ ಸೇವ್‌ಗಳು ಆಗಲೇ ಹೇಳಿದ್ದವು. ಅದನ್ನೂ ಬದಲಿಸಿದ್ದರೆ ಮುಂದೆ ಏರಿದ್ದಕ್ಕೋ ಇಳಿದದ್ದಕ್ಕೋ ಯಾವುದು ಕಾರಣ ಅಂತ ಗೊತ್ತಾಗುತ್ತಿರಲಿಲ್ಲ. ಹಳೆಯ ಪೋಸ್ಟನ್ನೇ ಎಡಿಟ್ ಮಾಡಲೂ ಇಲ್ಲ. ಕ್ಯಾಪ್ಷನ್ ತಿದ್ದಿದ ಮಾತ್ರಕ್ಕೆ ಹಳೆಯದು ಹೊಸದಾಗಿ ಹಂಚಿಕೆಯಾಗುತ್ತದೆ ಅಂತ ಕಾಯುವುದು ವ್ಯರ್ಥ, ಹೊಸ ಪೋಸ್ಟಾಗಿಯೇ ಹಾಕಬೇಕು.

ಏಳನೇ ದಿನ ರೀಚ್ 1,150, ಅದರಲ್ಲಿ ಫಾಲೋ ಮಾಡದವರು 520. ಸೇವ್ 38, ಶೇರ್ 21, ಒಟ್ಟು 59. ದರ 5.1%. "ದರ ಇಳೀತಲ್ಲ!" ಅಂತ ಅವರು ಫೋನ್ ಮಾಡಿದರು. ಇಳಿಯಬೇಕಾದದ್ದೇ, ಅಪರಿಚಿತರು ಸೇರಿದ್ದಾರೆ. ನನಗಿದ್ದ ಅನುಮಾನ ಬೇರೆ. ಆ ವಾರ ಖಾತೆಗೇ ಗಾಳಿ ಬೀಸಿತ್ತೇನೋ ಅಂತ. ಅದೇ ವಾರದ ಉಳಿದ ಮೂರು ಪೋಸ್ಟ್‌ಗಳನ್ನು ನೋಡಿದರೆ 560, 610, 700. ಮಾಮೂಲಿನ ಸುತ್ತಮುತ್ತಲೇ. ಹಾಗಾಗಿ ಏರಿಕೆಯ ಹೆಚ್ಚಿನ ಪಾಲು ಮೊದಲ ಚಿತ್ರ ಮತ್ತು ಮೊದಲ ಸಾಲಿನದು ಅನ್ನಬಹುದು. ಒಂದೇ ಸಲದ ಪ್ರಯೋಗದಿಂದ ಅದಕ್ಕಿಂತ ಹೆಚ್ಚು ಹೇಳಲಾಗದು; ಇದೇ ಬಗೆಯಲ್ಲಿ ಇನ್ನೆರಡು ಪೋಸ್ಟ್ ತಿದ್ದಿ ನೋಡಿದ ಮೇಲೆ ಮಾತಾಡೋಣ ಅಂದೆ.

ಆ ಎರಡನ್ನು ಆರಿಸುವ ಕ್ರಮವೂ ಇದೇ. ದರ ಮಾಮೂಲಿಗಿಂತ ಮೇಲೆ, ರೀಚ್ ಮಾಮೂಲಿಗಿಂತ ಕೆಳಗೆ ಇರುವವು ಮೊದಲು, ಅವುಗಳಲ್ಲಿ ತಿದ್ದುವುದು ಮೊದಲ ಚಿತ್ರ ಮತ್ತು ಮೊದಲ ಸಾಲು. ರೀಚ್ ಮೇಲಿದ್ದು ದರ ಕೆಳಗಿದ್ದರೆ, ಬರಹ ಅಂತ ಏನಾದರೂ ಇದ್ದರೆ, ಎರಡನೇ ಸರದಿ. ಅಲ್ಲಿ ಮೊದಲ ಸಾಲು ಕೊಟ್ಟ ಮಾತನ್ನು ಒಳಗಿನದು ಉಳಿಸಿಕೊಂಡಿಲ್ಲ, ಹಾಗಾಗಿ ಒಡಲನ್ನೇ ಮತ್ತೆ ಬರೆಯಬೇಕು, ಕೆಲಸ ಜಾಸ್ತಿ. ಎರಡೂ ಕೆಳಗಿರುವುದನ್ನು ಬಿಟ್ಟುಬಿಡಿ. ಎರಡೂ ಮೇಲಿರುವುದಕ್ಕೆ ಕೈ ಹಾಕಬೇಡಿ.

ಇನ್‌ಸೈಟ್ಸ್‌ನಲ್ಲಿ ಕಾಣದ ಒಂದು ಅಂಕಿಯನ್ನು ಮಾತ್ರ ಅವರೇ ಕೈಯಲ್ಲಿ ಬರೆದುಕೊಳ್ಳಬೇಕಾಯಿತು. ಮೆಸೇಜ್ ಮಾಡಿ ಗಿಡ ಕೇಳಿದವರಿಗೆಲ್ಲ "ಯಾವ ಪೋಸ್ಟ್ ನೋಡಿ ಬಂದ್ರಿ?" ಅಂತ ಕೇಳಿ, ಹಾಳೆಯಲ್ಲಿ ಆ ಪೋಸ್ಟಿನ ಎದುರು ಒಂದು ಗೀಟು. 310 ಲೈಕ್‌ನ ಫೋಟೋದ ಎದುರು ಎರಡು ಗೀಟು ಬಿದ್ದಿವೆ. ಹಳದಿ ಎಲೆಯ ಹೊಸ ಪೋಸ್ಟಿನ ಎದುರು ಹದಿನಾಲ್ಕು, ಅದರಲ್ಲಿ ಒಂಬತ್ತು ಮಂದಿ ಮೊದಲು ಕೇಳಿದ್ದು ಗಿಡವನ್ನಲ್ಲ, ತಳದಲ್ಲಿ ತೂತಿರುವ ಕುಂಡವನ್ನು. ಮುಂದಿನ ಪೋಸ್ಟ್ ಅದರ ಬಗ್ಗೆಯೇ ಬರೆಯುತ್ತಿದ್ದಾರೆ.