ಸಿಪಿಐ, ಎಸ್‌ಪಿಐ: ರೋಲ್‌ಔಟ್ ಎಲ್ಲಿದೆ ಅಂತ ಹೇಳುವ ಎರಡು ಅಂಕಿ

20 ಶಾಖೆಗಳಿಗೆ ಹೊಸ ಸಾಫ್ಟ್‌ವೇರ್ ಹಾಕಬೇಕು ಅಂದುಕೊಳ್ಳಿ. ಒಂದು ಶಾಖೆಗೆ 10 ಮ್ಯಾನ್-ಡೇ, ಒಟ್ಟು 200. ವಾರಕ್ಕೆ ಎರಡು ಶಾಖೆಯಂತೆ 10 ವಾರದಲ್ಲಿ ಮುಗಿಸುವ ಪ್ಲ್ಯಾನ್.

ಆರನೇ ವಾರದ ಕೊನೆಗೆ 120 ಮ್ಯಾನ್-ಡೇ ಖರ್ಚಾಗಬೇಕಿತ್ತು, 100 ಮಾತ್ರ ಆಗಿದೆ. ಇಷ್ಟೇ ನೋಡಿದರೆ 20 ಉಳಿಸಿದ ಹಾಗೆ ಕಾಣುತ್ತದೆ, ಅಲ್ವಾ? ಆದರೆ ಮುಗಿದ ಶಾಖೆಗಳು ಒಂಬತ್ತೇ. ಅಷ್ಟು ಕೆಲಸಕ್ಕೆ ಪ್ಲ್ಯಾನ್‌ನಲ್ಲಿ ಇಟ್ಟಿದ್ದು 90 ಮ್ಯಾನ್-ಡೇ. ಈ 90 ಅನ್ನೇ ಅರ್ನ್ಡ್ ವ್ಯಾಲ್ಯೂ ಅನ್ನುತ್ತಾರೆ: ಎಷ್ಟು ಖರ್ಚಾಯಿತು ಅಂತಲ್ಲ, ಮುಗಿದ ಕೆಲಸಕ್ಕೆ ಮೊದಲೇ ಕಟ್ಟಿದ್ದ ಬೆಲೆ.

```
CPI = EV / AC = 90 / 100 = 0.90
SPI = EV / PV = 90 / 120 = 0.75
```

ಇಲ್ಲಿ CPI ಅಂದರೆ ಸಿಪಿಐ, ಖರ್ಚಿನ ಸೂಚ್ಯಂಕ; SPI ಅಂದರೆ ಎಸ್‌ಪಿಐ, ವೇಳಾಪಟ್ಟಿಯ ಸೂಚ್ಯಂಕ. EV ಅರ್ನ್ಡ್ ವ್ಯಾಲ್ಯೂ, AC ನಿಜವಾಗಿ ಆದ ಖರ್ಚು, PV ಇವತ್ತಿಗೆ ಮುಗಿದಿರಬೇಕಿದ್ದ ಕೆಲಸದ ಬೆಲೆ. 1ಕ್ಕಿಂತ ಕಡಿಮೆ ಬಂದರೆ ಸಿಪಿಐನಲ್ಲಿ ಖರ್ಚು ಜಾಸ್ತಿ, ಎಸ್‌ಪಿಐನಲ್ಲಿ ಕೆಲಸ ಹಿಂದೆ. ಉಳಿತಾಯ ಅಂದುಕೊಂಡಿದ್ದು ಉಳಿತಾಯವೇ ಅಲ್ಲ. ಇದೇ ದರದಲ್ಲಿ ಹೋದರೆ ಒಟ್ಟು ಖರ್ಚು 200 ಭಾಗಿಸು 0.90, ಅಂದರೆ ಸುಮಾರು 222 ಮ್ಯಾನ್-ಡೇ.

ಲೆಕ್ಕ ಸುಲಭ. ಕಷ್ಟ ಇರುವುದು ‘ಮುಗಿಯಿತು’ ಅನ್ನುವ ಪದದಲ್ಲಿ. ಇನ್ನೂ ಮೂರು ಶಾಖೆಗಳಲ್ಲಿ ಇನ್‌ಸ್ಟಾಲ್ ಆಗಿದೆ, ಆದರೆ ಹಳೆಯ ಡೇಟಾ ತಾಳೆ ನೋಡಿಲ್ಲ, ಸಿಬ್ಬಂದಿಗೆ ತರಬೇತಿ ಆಗಿಲ್ಲ. ಟೀಮ್‌ನವರು ‘90% ಆಯ್ತು’ ಅಂತಾರೆ. ಅದನ್ನು ಹಾಗೇ ಬರೆದುಕೊಂಡರೆ ಅರ್ನ್ಡ್ ವ್ಯಾಲ್ಯೂ 117ಕ್ಕೆ ಏರುತ್ತದೆ. ಸಿಪಿಐ 1.17, ಎಸ್‌ಪಿಐ 0.98 ಆಗಿಬಿಡುತ್ತದೆ. ಒಂದೇ ಒಂದು ಶಾಖೆ ಹೊಸದಾಗಿ ಮುಗಿಯದೆ ವರದಿ ಪೂರ್ತಿ ಹಸಿರು! ಅದಕ್ಕೇ ರೋಲ್‌ಔಟ್‌ಗೆ ನಾನು 0/100 ನಿಯಮವನ್ನೇ ಹಿಡಿಯುತ್ತೇನೆ. ಶಾಖೆಯವರು ಹೊಸ ಸಾಫ್ಟ್‌ವೇರ್‌ನಲ್ಲೇ ಕೆಲಸ ಮಾಡುತ್ತಿದ್ದೇವೆ ಅಂತ ಒಪ್ಪಿ ಸಹಿ ಹಾಕಿದರೆ 10, ಅಲ್ಲಿಯವರೆಗೆ ಸೊನ್ನೆ. ಅರ್ಧ ಆದ ಕೆಲಸಕ್ಕೆ ಇದರಲ್ಲಿ ಲೆಕ್ಕ ಸಿಗುವುದಿಲ್ಲ, ನಿಜ. ಆದರೆ ಒಂದೊಂದು ಶಾಖೆಯೂ ಚಿಕ್ಕದಾದ್ದರಿಂದ ಆ ಕೊರತೆ ವಾರ ಎರಡು ವಾರದಲ್ಲಿ ಸರಿಹೋಗುತ್ತದೆ.

ಎಸ್‌ಪಿಐಗೆ ಇನ್ನೊಂದು ದೋಷ ಇದೆ. ಕೊನೆಕೊನೆಗೆ ಅದನ್ನು ನಂಬುವ ಹಾಗಿಲ್ಲ. ಹತ್ತನೇ ವಾರ ದಾಟಿದ ಮೇಲೆ PV 200ರಲ್ಲೇ ನಿಂತುಬಿಡುತ್ತದೆ. ಅದೇ ವೇಗದಲ್ಲಿ ಸಾಗಿ ಹನ್ನೆರಡನೇ ವಾರಕ್ಕೆ 18 ಶಾಖೆ ಮುಗಿದರೆ ಎಸ್‌ಪಿಐ 0.90. ವೇಗ ಸ್ವಲ್ಪವೂ ಹೆಚ್ಚದೆ ಅಂಕಿ ಮೇಲೇರಿದೆ. ಎಲ್ಲ ಮುಗಿದ ದಿನ, ಎಷ್ಟೇ ತಡವಾಗಿರಲಿ, ಅದು 1 ಆಗಿಯೇ ತೀರುತ್ತದೆ.

ಇದನ್ನು ಸರಿಪಡಿಸಲು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ತಜ್ಞ ವಾಲ್ಟ್ ಲಿಪ್ಕೆ 2003ರಲ್ಲಿ ಅರ್ನ್ಡ್ ಷೆಡ್ಯೂಲ್ ಅನ್ನುವ ದಾರಿ ತೋರಿಸಿದರು. ಅಲ್ಲಿ ಬೆಲೆಯ ಬದಲು ಸಮಯವನ್ನೇ ಹೋಲಿಸುತ್ತಾರೆ. 18 ಶಾಖೆ ಪ್ಲ್ಯಾನ್ ಪ್ರಕಾರ ಒಂಬತ್ತನೇ ವಾರಕ್ಕೆ ಮುಗಿಯಬೇಕಿತ್ತು, ಮುಗಿದಿದ್ದು ಹನ್ನೆರಡಕ್ಕೆ. 9 ಭಾಗಿಸು 12, ಅಂದರೆ 0.75. ಆರನೇ ವಾರದಲ್ಲಿ ಕಂಡಿದ್ದ ಅಂಕಿಯೇ ಇಲ್ಲೂ ಸಿಗುತ್ತದೆ. ಗಡುವು ದಾಟಿದ ರೋಲ್‌ಔಟ್‌ನ ವರದಿಯಲ್ಲಿ ನಾನು ಎಸ್‌ಪಿಐ ತೆಗೆದು ಇದನ್ನೇ ಹಾಕುತ್ತೇನೆ.