ಗಿಲಕಿ ಕೊನೆಗೆ ಬರಲಿ

ನರ್ಸರಿಯಲ್ಲಿ ತಾಳದ ಪಾಠ ಅಂದರೆ ಖಾಲಿ ಬಾಟಲಿಗೆ ಕಾಳು ತುಂಬಿ ಗಿಲಕಿ ಮಾಡುವುದು ಎಂದೇ ಬಹಳ ಟೀಚರುಗಳ ಲೆಕ್ಕ. ನಾನೂ ಹಾಗೇ ಶುರು ಮಾಡಿದವಳು. ಹದಿನೆಂಟು ಮಕ್ಕಳ ಕೈಗೂ ಒಂದೊಂದು ಕೊಟ್ಟು, 'ನನ್ನ ಜೊತೆ ಆಡಿಸಿ' ಎಂದೆ. ಕೋಣೆ ತುಂಬ ಜರಜರ ಸದ್ದು. ಯಾವ ಮಗು ತಾಳಕ್ಕಿದೆ, ಯಾವುದು ತಪ್ಪಿದೆ ಎಂದು ಹೇಳಲು ನನಗೇ ಆಗಲಿಲ್ಲ. ಸಂಜೆ ಮನೆಯಲ್ಲಿ ಅದೇ ಬಾಟಲಿಯನ್ನು ನಿಧಾನವಾಗಿ ಆಡಿಸಿ ನೋಡಿದಾಗ ಕಾರಣ ಹೊಳೆಯಿತು.

ಗಿಲಕಿಯನ್ನು ಮುಂದಕ್ಕೆ ತಂದು ನಿಲ್ಲಿಸಿದಾಗ ಕಾಳು ಹಾರಿ ಎದುರಿನ ಗೋಡೆಗೆ ಬಡಿಯುತ್ತದೆ. ಕೈ ಹಿಂದಕ್ಕೆ ಬಂದಾಗ ಇನ್ನೊಮ್ಮೆ ಬಡಿಯುತ್ತದೆ. ನಮ್ಮ ಎಣಿಕೆಯಲ್ಲಿ ಒಂದು, ಕಿವಿಗೆ ಎರಡು. ಸಾಲದ್ದಕ್ಕೆ ಕಾಳುಗಳೆಲ್ಲ ಒಟ್ಟಿಗೆ ಬಡಿಯುವುದಿಲ್ಲ, ಒಂದರ ಹಿಂದೊಂದು ಬಡಿಯುತ್ತವೆ. ಹಾಗಾಗಿ 'ಟಕ್' ಎನ್ನಬೇಕಾದ್ದು 'ಜರ್' ಎಂದು ಎಳೆದುಹೋಗುತ್ತದೆ. ತಾಳ ಬಿದ್ದ ಜಾಗ ಯಾವುದೆಂದು ಮೂರು ವರ್ಷದ ಮಗು ಇದರಲ್ಲಿ ಹುಡುಕುವುದು ಹೇಗೆ?

ಅದಕ್ಕೇ ಈಗ ಹದಿನೈದು ನಿಮಿಷದ ಪಾಠದಲ್ಲಿ ಮೊದಲ ಐದು ನಿಮಿಷ ಬರೀ ಚಪ್ಪಾಳೆ. ಸದ್ದು ಹುಟ್ಟಿದ ಕ್ಷಣ ಅಂಗೈಗೂ ತಿಳಿಯುತ್ತದೆ, ಕಿವಿಗೂ ಕೇಳುತ್ತದೆ. 'ಬೆಕ್ಕು' ಅಂದರೆ ಎರಡು ಚಪ್ಪಾಳೆ, 'ಚಮಚ' ಅಂದರೆ ಮೂರು. ಆಮೇಲೆ ಅವರವರ ಹೆಸರು. ತನ್ನ ಹೆಸರಿಗೆ ಗೆಳೆಯನಿಗಿಂತ ಒಂದು ಚಪ್ಪಾಳೆ ಕಡಿಮೆ ಬಂದಿತೆಂದು ಅತ್ತವರೂ ಇದ್ದಾರೆ!

ಇಲ್ಲಿ ನಾವು ಎಡವುವುದು ವೇಗದಲ್ಲಿ. ಚಿಕ್ಕವರಿಗೆ ನಿಧಾನವೇ ಸುಲಭ ಎಂದುಕೊಂಡು ಸೆಕೆಂಡಿಗೊಂದರಂತೆ ತಟ್ಟುತ್ತೇವೆ. ಈ ವಯಸ್ಸಿನವರ ಕೈ ತಾನಾಗಿ ಹೋಗುವುದು ಅದಕ್ಕಿಂತ ಬಹಳ ಚುರುಕಾಗಿ, ನಿಮಿಷಕ್ಕೆ ಹೆಚ್ಚೂಕಡಿಮೆ 120ರಿಂದ 150. ನಿಧಾನದ ತಾಳದಲ್ಲಿ ಎರಡು ಪೆಟ್ಟಿನ ನಡುವಿನ ಬಿಡುವನ್ನು ಕಾಯಬೇಕು, ಅದೇ ಅವರಿಗೆ ಕಷ್ಟ.

ನನ್ನ ತರಗತಿಯ ಒಬ್ಬ ಹುಡುಗ ಸದಾ ಎಲ್ಲರಿಗಿಂತ ಮುಂದೆ ಓಡುತ್ತಿದ್ದ. ಒಂದು ದಿನ ಅವನೆದುರು ಕುಳಿತು, 'ನೀನು ತಟ್ಟು, ನಾನು ಬರ್ತೀನಿ' ಎಂದೆ. ಎಂಟು ಚಪ್ಪಾಳೆ ಒಂದೇ ಸಮ ಬಂದವು, ಗಡಿಯಾರದ ಹಾಗೆ. ಅವನ ಲಯ ಸರಿಯಾಗಿಯೇ ಇತ್ತು, ವೇಗ ಮಾತ್ರ ಬೇರೆ. ನಾನು ಅವನ ವೇಗ ಹಿಡಿದು, ಒಂದಿಷ್ಟು ಹೊತ್ತು ಜೊತೆಗೆ ನಡೆದು, ತುಸುತುಸುವೇ ನಿಧಾನ ಮಾಡಿದೆ. ಸ್ವಲ್ಪ ದೂರ ಜೊತೆಗೇ ಬಂದ. ಎಂಟರಲ್ಲಿ ಅಂತರ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತಿದ್ದರೆ ಅದು ಬೇರೆ ಮಾತು. ಆ ಮಗುವಿಗೆ ಚಪ್ಪಾಳೆ ಬಿಡಿಸಿ, ಕುಳಿತಲ್ಲೇ ತೊಡೆ ತಟ್ಟಲು ಹೇಳುತ್ತೇನೆ. ಎರಡು ಕೈಯನ್ನು ಗಾಳಿಯಲ್ಲಿ ಸೇರಿಸುವುದಕ್ಕಿಂತ ಅದು ಹಗುರ.

ಆಮೇಲೆ ರಟ್ಟಿನ ಡಬ್ಬ. ಬೋರಲು ಹಾಕಿ ಅಂಗೈಯಿಂದ ಬಡಿದರೆ ಒಂದೇ ಗಟ್ಟಿ ಪೆಟ್ಟು. ಲೋಹದ ಡಬ್ಬ ಮತ್ತು ಕೋಲು ಬೇಡ; ಹದಿನೆಂಟು ಮಂದಿ ಬಡಿದರೆ ನನ್ನ ಮಾತೂ ಕೇಳದು, 'ನಿಲ್ಲಿಸಿ' ಎಂದದ್ದೂ ಕೇಳದು.

ಗಿಲಕಿ ಬರುವುದು ಕೊನೆಯಲ್ಲಿ, ಅದೂ ಆಡಿಸುವುದಕ್ಕಲ್ಲ. ಬಾಟಲಿಯನ್ನು ನೆಟ್ಟಗೆ ಹಿಡಿದು ಅದರ ತಳವನ್ನು ಇನ್ನೊಂದು ಅಂಗೈಗೆ ಕುಟ್ಟಬೇಕು. ಆಗ ಕಾಳು ಹೆಚ್ಚೂಕಡಿಮೆ ಒಟ್ಟಿಗೆ ತಳಕ್ಕೆ ಬೀಳುತ್ತದೆ, ಕುಟ್ಟಿದ್ದಕ್ಕೊಂದು ಸದ್ದು. ಇದಕ್ಕೆ ಮಗುವಿನ ಮುಷ್ಟಿಗೆ ಹಿಡಿಯುವ ಸಣ್ಣ ಬಾಟಲಿ ಬೇಕು, ಒಳಗೆ ಮೂರನೇ ಒಂದು ಭಾಗ ಅಕ್ಕಿ. ನಾಲ್ಕೇ ಕಾಳು ಹಾಕಿದರೆ ಪುಟಿದು ಪುಟಿದು ಸದ್ದು ಉದ್ದವಾಗುತ್ತದೆ. ಜಾಸ್ತಿ ಇದ್ದಾಗ ಒಂದರ ಪುಟಿತವನ್ನು ಇನ್ನೊಂದು ನುಂಗುತ್ತದೆ. ಕತ್ತಿನವರೆಗೆ ತುಂಬಿದರೆ ಕಾಳಿಗೆ ಅಲುಗಾಡಲು ಜಾಗವೇ ಇರದು.

ಮುಚ್ಚಳವನ್ನು ಬರೀ ತಿರುಗಿಸಿ ಬಿಡಬಾರದು. ಸುರುಳಿಗೆ ಗಟ್ಟಿ ಅಂಟು ಹಚ್ಚಿ ಮುಚ್ಚಿ, ಒಂದು ರಾತ್ರಿ ಒಣಗಿಸಿ, ಮೇಲೆ ಟೇಪ್ ಸುತ್ತುತ್ತೇನೆ. ಕಾಳು ಮೂಗಿನೊಳಗೆ ಹೋದರೆ ತೇವಕ್ಕೆ ಉಬ್ಬಿ ಸಿಕ್ಕಿಕೊಳ್ಳುತ್ತದೆ, ಗಂಟಲಿಗೆ ಹೋದರೆ ಉಸಿರಿಗೇ ಕುತ್ತು. ಪಾಠಕ್ಕೆ ಮುಂಚೆ ಪ್ರತಿ ಬಾಟಲಿಯ ಮುಚ್ಚಳವನ್ನು ನಾನೇ ಬಲವಾಗಿ ತಿರುಗಿಸಿ ನೋಡುತ್ತೇನೆ. ತುಸು ಅಲುಗಿದರೂ, ಮೈಯಲ್ಲಿ ಬಿರುಕು ಕಂಡರೂ ಅದು ಕಸಕ್ಕೆ.

ಇನ್ನು ನಿಲ್ಲಿಸುವುದು. 'ಸಾಕು' ಎಂದು ಕೂಗಿದರೆ ಯಾರೂ ನಿಲ್ಲಿಸುವುದಿಲ್ಲ, ಕೈಯಲ್ಲಿ ಸದ್ದಿದೆಯಲ್ಲ. ನಾನು ನನ್ನ ಬಾಟಲಿಯನ್ನು ಮಡಿಲಲ್ಲಿ ಮಲಗಿಸಿ, ಮೇಲೆ ಕೈ ಮುಚ್ಚುತ್ತೇನೆ. ನೋಡಿದ ಒಬ್ಬಿಬ್ಬರು ತಮ್ಮದನ್ನೂ ಮಲಗಿಸುತ್ತಾರೆ, ಪಕ್ಕದವರು ಅವರನ್ನು ನೋಡುತ್ತಾರೆ. ಎಲ್ಲ ಮಲಗಿದ ಮೇಲೆ ನಾಲ್ಕು ಎಣಿಸುವಷ್ಟು ಸುಮ್ಮನಿದ್ದು ಮತ್ತೆ ಎಬ್ಬಿಸುತ್ತೇವೆ. ಕೊನೆಯ ಎರಡು ನಿಮಿಷ ಮಾತ್ರ ಬೇಕಾದ ಹಾಗೆ ಆಡಿಸಲು ಬಿಡುತ್ತೇನೆ. ಆಗ ಬರುವ ಜರಜರಕ್ಕೆ ನನ್ನ ತಕರಾರಿಲ್ಲ.