ಮೂರನೆಯ ದಿನ ಗೆಲ್ಲುವ ಶೀರ್ಷಿಕೆ

ಜಾಲಪುಟಕ್ಕೆ ಬರುವವರಲ್ಲಿ ಅರ್ಧ ಜನರಿಗೆ ಎ ಶೀರ್ಷಿಕೆ, ಇನ್ನರ್ಧ ಜನರಿಗೆ ಬಿ ಶೀರ್ಷಿಕೆ ತೋರಿಸಿ, ಯಾವುದರಿಂದ ಹೆಚ್ಚು ಜನ ನೋಂದಾಯಿಸುತ್ತಾರೆಂದು ನೋಡುವ ಪರೀಕ್ಷೆ ಅದು. ಕಾರವಾರದಿಂದ ಫೋನ್ ಬಂದಾಗ ಅದು ಶುರುವಾಗಿ ಮೂರೇ ದಿನವಾಗಿತ್ತು. "ಮೇಡಂ, ಬಿ ಗೆದ್ದಾಯ್ತು, ಅದನ್ನೇ ಖಾಯಂ ಮಾಡಿಬಿಡ್ಲಾ?" ಎಂದರು. ಮನೆ ಕಟ್ಟಿಸುವ ಗುತ್ತಿಗೆದಾರರಿಗಾಗಿ ಕೆಲಸ ನಿರ್ವಹಣೆಯ ತಂತ್ರಾಂಶ ಮಾಡುವ ಶ್ರದ್ಧೆಯ ಹುಡುಗರು ಅವರು. ಆದರೆ ಈ ಅವಸರ ಬಹುಪಾಲು ಗ್ರಾಹಕರಲ್ಲಿಯೂ ಕಾಣುವಂಥದ್ದು, ನನ್ನ ತಾಳ್ಮೆ ತಪ್ಪುವುದೂ ಇಲ್ಲಿಯೇ.

ಅವರ ಉಚಿತ ಪ್ರಯೋಗದ ನೋಂದಣಿ ಪುಟಕ್ಕೆ ದಿನಕ್ಕೆ ಸುಮಾರು 100 ಜನ ಬರುತ್ತಾರೆ. ಎ ಶೀರ್ಷಿಕೆ "ನಿಮ್ಮ ಕೆಲಸಗಳನ್ನು ಸುಲಭವಾಗಿ ನಿರ್ವಹಿಸಿ", ಬಿ "ನಿಮ್ಮ ಕೆಲಸಗಳನ್ನು ಸರಳವಾಗಿ ನಿರ್ವಹಿಸಿ". ತಲಾ 150 ಜನರಲ್ಲಿ ಎ ನೋಡಿದ 6 ಮಂದಿ, ಬಿ ನೋಡಿದ 12 ಮಂದಿ ಹೆಸರು ನೋಂದಾಯಿಸಿದ್ದರು. ನೋಡುವುದಕ್ಕೆ ಇದು ಇಮ್ಮಡಿ. ಆದರೆ ಎರಡೂ ಕಡೆ ಒಂದೇ ಶೀರ್ಷಿಕೆಯನ್ನು ಇಟ್ಟಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಹೆಚ್ಚುಕಡಿಮೆ ಏಳರಲ್ಲಿ ಒಂದು ಸಲ ಬರೀ ಆಕಸ್ಮಿಕವಾಗಿ ಕಾಣಿಸಿಕೊಳ್ಳುತ್ತದೆ. ದಿನವೂ ಇಣುಕಿ, ಅಂತರ ಕಂಡ ದಿನ ನಿಲ್ಲಿಸುವವರು ಮೋಸಹೋಗುವ ಸಂಭವ ಇನ್ನೂ ಹೆಚ್ಚು. ಮುಟ್ಟದೆ ಬಿಡಿ ಎಂದೆ. ಎರಡು ವಾರಕ್ಕೆ ತಲಾ 700 ಜನರಲ್ಲಿ 28 ಮತ್ತು 29 ಆಯಿತು.

ಎಷ್ಟು ಜನ ಬೇಕೆಂಬುದನ್ನು ಪರೀಕ್ಷೆಗೆ ಮೊದಲೇ ಲೆಕ್ಕ ಹಾಕಬೇಕು. ಈಗ ನೂರಕ್ಕೆ 4 ಜನ ನೋಂದಾಯಿಸುತ್ತಿದ್ದು, ಅದು 5 ಆಗುವುದನ್ನು ನಂಬಿಕೆಯಿಂದ ಗುರುತಿಸಲು ಪ್ರತಿ ಶೀರ್ಷಿಕೆಗೆ ಸುಮಾರು 6,900 ಜನ ಬೇಕು, ಅಂದರೆ ಇವರಿಗೆ ನಾಲ್ಕೂವರೆ ತಿಂಗಳು. 6 ಆಗುವುದನ್ನು ಗುರುತಿಸಲು ಸುಮಾರು 1,900 ಸಾಕು, ಅಂದರೆ 38 ದಿನ. ರೂಢಿಯಲ್ಲಿರುವ ಸ್ಥೂಲ ಸೂತ್ರದ ಲೆಕ್ಕವಿದು, ಕರಾರುವಾಕ್ಕಲ್ಲ. ಆದರೂ ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ: ಕಡಿಮೆ ಜನ ಬರುವ ಪುಟದಲ್ಲಿ ದೊಡ್ಡ ಅಂತರವನ್ನು ಮಾತ್ರ ಹಿಡಿಯಬಹುದು, ಮತ್ತು "ಸುಲಭ"ವನ್ನು "ಸರಳ" ಮಾಡುವುದರಿಂದ ಅಂಥ ಅಂತರ ಹುಟ್ಟುವುದು ತೀರಾ ಅಪರೂಪ. ಬದಲಾಗಬೇಕಾದದ್ದು ಶೀರ್ಷಿಕೆ ಹೇಳುವ ವಿಷಯವೇ.

ನಿಮ್ಮ ಗ್ರಾಹಕರು ಬೆಳಿಗ್ಗೆ ಎದ್ದು ಮೊದಲು ಯಾರಿಗೆ, ಏನೆಂದು ಫೋನ್ ಮಾಡುತ್ತಾರೆ ಎಂದು ಆ ಹುಡುಗರನ್ನು ಕೇಳಿದೆ. "ಮೇಸ್ತ್ರಿಗೆ. ಸೆಂಟ್ರಿಂಗ್ ಯಾಕೆ ನಿಂತಿದೆ ಅಂತ" ಎಂದರು. ಹೊಸ ಶೀರ್ಷಿಕೆ ಆ ಮಾತಿನಿಂದಲೇ ಹುಟ್ಟಿತು: "ಯಾವ ಕೆಲಸ ಯಾರಿಂದ ನಿಂತಿದೆ, ಫೋನ್ ಮಾಡದೆಯೇ ತಿಳಿಯಿರಿ". ಪುಟದ ಉಳಿದ ಭಾಗವನ್ನು, ಗುಂಡಿಯ ಬಣ್ಣವನ್ನು ಸಹ, ಮುಟ್ಟಲಿಲ್ಲ. ಗುತ್ತಿಗೆದಾರರು ಭಾನುವಾರ ಬರುವ ರೀತಿ ಬೇರೆ, ಸೋಮವಾರದ್ದು ಬೇರೆ; ಹಾಗಾಗಿ 38 ದಿನಕ್ಕೆ ನಿಲ್ಲಿಸದೆ ಪೂರ್ಣ ಆರು ವಾರ ನಡೆಸಿದೆವು. ತಲಾ 2,100 ಜನರಲ್ಲಿ ಹಳೆಯದಕ್ಕೆ 84, ಹೊಸದಕ್ಕೆ 128 ನೋಂದಣಿ ಬಂದವು.

ಇದನ್ನು ಗೆಲುವೆಂದು ಒಪ್ಪಬಹುದು, ಆದರೆ ನೋಂದಣಿಯ ಮಟ್ಟಿಗೆ ಮಾತ್ರ. ಉಚಿತ 14 ದಿನಗಳೊಳಗೆ ಒಂದಾದರೂ ಕಾಮಗಾರಿಯನ್ನು ತಂತ್ರಾಂಶದಲ್ಲಿ ನಮೂದಿಸಿ, ಮೇಸ್ತ್ರಿಯನ್ನೂ ಅದಕ್ಕೆ ಸೇರಿಸಿದವರು ಈ 128ರಲ್ಲಿ ಎಷ್ಟು, ಆ 84ರಲ್ಲಿ ಎಷ್ಟು ಎಂಬುದನ್ನು ಈಗ ಎಣಿಸುತ್ತಿದ್ದೇವೆ.